ಐನ್‌ಮನೆಯ ಗ್ರೂಪ್ ಫೋಟೋದಲ್ಲಿ ಎಡಗಡೆಯವರು ನೀಲಿ, ಬಲಗಡೆಯವರು ಹಳದಿ: ದೋಷ ಪತ್ತೆ ಮತ್ತು ಪರಿಹಾರ

ಕೊಡಗಿನ ಮದುವೆ ಆಲ್ಬಮ್‌ಗಳಲ್ಲಿ ಈ ದೋಷ ಮತ್ತೆ ಮತ್ತೆ ಕಾಣುತ್ತದೆ. ಐನ್‌ಮನೆ ಎಂಬ ಪೂರ್ವಿಕರ ಮನೆಯ ಕೈಯಾಲೆಯಲ್ಲಿ, ಅಂದರೆ ಮುಂದಿನ ಜಗುಲಿಯಲ್ಲಿ, ಇಡೀ ಒಕ್ಕದ ಅಂದರೆ ಕುಲದ ಜನರನ್ನು ಎರಡು ಸಾಲಿನಲ್ಲಿ ನಿಲ್ಲಿಸಿ ಫೋಟೋ ತೆಗೆದಿರುತ್ತಾರೆ. ಸಾಲಿನ ಒಂದು ತುದಿ ಮೆಟ್ಟಿಲ ಬಳಿ, ಅಂಗಳದ ಬೆಳಕಿಗೆ ತೆರೆದುಕೊಂಡಿರುತ್ತದೆ. ಇನ್ನೊಂದು ತುದಿ ಒಳಮೂಲೆಯಲ್ಲಿ, ಬಾಗಿಲ ಮೇಲಿನ ಎಲ್‌ಇಡಿ ಬಲ್ಬಿನ ಕೆಳಗೆ. ಹಂಚಿನ ಮಾಡು ಇಳಿಜಾರಾಗಿ ಕೆಳಗೆ ಬಂದಿರುವುದರಿಂದ ಆಕಾಶದ ಬೆಳಕು ನಾಲ್ಕು ಹೆಜ್ಜೆ ಒಳಗೆ ಬರುವಷ್ಟರಲ್ಲಿ ಸೋತುಹೋಗಿ, ಅಲ್ಲಿಂದಾಚೆಗೆ ಬಲ್ಬಿನದೇ ಆಟ. ಕಣ್ಣಿಗೆ ಇದು ಗೊತ್ತಾಗುವುದಿಲ್ಲ. ಕಂಪ್ಯೂಟರಿನಲ್ಲಿ ತೆರೆದಾಗ ಎಡಗಡೆಯವರ ಮುಖ ಬೂದಿ ಬಳಿದಂತೆ, ಬಲಗಡೆಯವರ ಮುಖ ಅರಿಸಿನ ಹಚ್ಚಿದಂತೆ, ನಡುವಿನವರದು ಒಂದು ಕೆನ್ನೆ ಹಾಗೆ, ಇನ್ನೊಂದು ಕೆನ್ನೆ ಹೀಗೆ.

ಫೋಟೋದ ಬಣ್ಣವನ್ನು ಬೆಳಕಿಗೆ ಹೊಂದಿಸುವ ವೈಟ್ ಬ್ಯಾಲೆನ್ಸ್ ಎಳೆದು ನೋಡಿದರೆ ಒಂದು ಕಡೆ ಸರಿಯಾದಷ್ಟೂ ಇನ್ನೊಂದು ಕಡೆ ಕೆಡುತ್ತದೆ. ಒಂದು ಫೋಟೋಕ್ಕೆ ಒಂದೇ ವೈಟ್ ಬ್ಯಾಲೆನ್ಸ್, ಆದರೆ ಇಲ್ಲಿರುವ ಬೆಳಕು ಎರಡು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಏರಿದಷ್ಟೂ ನೀಲಿ, ಇಳಿದಷ್ಟೂ ಹಳದಿ. ಮೋಡ ಕವಿದ ಆಕಾಶದ ಬೆಳಕು ಸುಮಾರು 6500 ಕೆಲ್ವಿನ್, ಮಾಡಿನ ನೆರಳಿನಲ್ಲಿ ಇನ್ನೂ ಹೆಚ್ಚು. ‘ವಾರ್ಮ್ ವೈಟ್’ ಬಲ್ಬು ಸುಮಾರು 3000 ಕೆಲ್ವಿನ್. ಕ್ಯಾಮೆರಾದ ಆಟೋ ಇವೆರಡರ ನಡುವೆ ಎಲ್ಲೋ ಒಂದು ಕಡೆ ನಿಂತು, ಎರಡೂ ತುದಿಯನ್ನು ಕೆಡಿಸುತ್ತದೆ.

ಕೆಲಸ ಶುರು ಮಾಡುವ ಮುಂಚೆ ಒಂದು ಮಾತು ಮನಸ್ಸಿನಲ್ಲಿರಲಿ. ಸರಿಹೊಂದಿಸಬೇಕಾದದ್ದು ಬೆಳಕನ್ನು, ಚರ್ಮವನ್ನಲ್ಲ. ಒಂದೇ ಮನೆಯಲ್ಲಿ ಎಣ್ಣೆಗಪ್ಪು, ಗೋಧಿ, ಕೆಂಪು ಬಣ್ಣದವರೆಲ್ಲ ಇರುತ್ತಾರೆ, ಬಿಸಿಲಿನಲ್ಲಿ ತೋಟ ಸುತ್ತುವವರ ಮುಖವೇ ಬೇರೆ. ಎಲ್ಲರ ಚರ್ಮಕ್ಕೂ ಒಂದೇ ಬಣ್ಣ ಕೂರಿಸಿದರೆ ಫೋಟೋ ನೋಡಿದ ಮನೆಯವರಿಗೇ ಗುರುತು ಹತ್ತುವುದಿಲ್ಲ. ಎಲ್ಲರೂ ಒಂದೇ ಬೆಳಕಿನಲ್ಲಿ ನಿಂತಿದ್ದರೆ ಯಾರು ಹೇಗೆ ಕಾಣುತ್ತಿದ್ದರೋ ಹಾಗೆ ಕಾಣಿಸಬೇಕು, ಅಷ್ಟೇ ಗುರಿ.

ಮೊದಲು ಬಿಳಿ ಬಟ್ಟೆ ನೋಡಿ, ಮುಖ ಆಮೇಲೆ

ಮುಖ ನೋಡಿಕೊಂಡು ದೋಷ ಹುಡುಕಿದರೆ ದಾರಿ ತಪ್ಪುತ್ತದೆ, ಏಕೆಂದರೆ ಆ ಮುಖದ ನಿಜವಾದ ಬಣ್ಣ ಏನೆಂದು ಸಾಫ್ಟ್‌ವೇರಿಗೂ ಗೊತ್ತಿಲ್ಲ, ಎಡಿಟ್ ಮಾಡುವವರಿಗೂ ಗೊತ್ತಿಲ್ಲ. ಬಿಳಿ ಬಟ್ಟೆ ಬಿಳಿ ಎಂಬುದು ಮಾತ್ರ ಗೊತ್ತಿದೆ. ಕೊಡವ ಮದುವೆಯಲ್ಲಿ ಇದಕ್ಕೆ ಕೊರತೆಯಿಲ್ಲ. ಮದುಮಗನ ನಿಲುವಂಗಿ ಕುಪ್ಯವೇ ಬಿಳಿ. ಕಪ್ಪು ಕುಪ್ಯ ತೊಟ್ಟವರ ಒಳಗಿನ ಬಿಳಿ ಅಂಗಿಯ ಕಾಲರ್ ಕುತ್ತಿಗೆ ಬಳಿ ಇಣುಕುತ್ತಿರುತ್ತದೆ. ಕಾಲರ್ ಮುಖಕ್ಕೆ ಒಂದು ಗೇಣು ದೂರದಲ್ಲೇ ಇರುವುದರಿಂದ ಮುಖಕ್ಕೆ ಬಿದ್ದ ಬೆಳಕೇ ಅದಕ್ಕೂ ಬಿದ್ದಿರುತ್ತದೆ. ಬಿಳಿ ಬಟ್ಟೆ ಇಲ್ಲದವರಲ್ಲಿ ನರೆಗೂದಲು, ಸೊಂಟಕ್ಕೆ ಸಿಕ್ಕಿಸಿದ ಬೆಳ್ಳಿಯ ಪೀಚೆಕತ್ತಿಯ ಹೊಳೆಯದ ಭಾಗ ನೆರವಿಗೆ ಬರುತ್ತವೆ. ಕಣ್ಣಿನ ಬಿಳಿಯನ್ನು ಮಾತ್ರ ನಂಬಬೇಡಿ, ವಯಸ್ಸಾದವರಲ್ಲಿ ಅದು ಹಳದಿಗೆ ತಿರುಗಿರುತ್ತದೆ.

ಸಾಲಿನ ಉದ್ದಕ್ಕೂ ಕಾಲರ್‌ಗಳ ಬಣ್ಣ ಎಡದಿಂದ ಬಲಕ್ಕೆ ನೀಲಿಯಿಂದ ಹಳದಿಗೆ ಸರಿಯುತ್ತಿದ್ದರೆ ದೋಷ ಬೆಳಕಿನದು, ಕೆಳಗಿನ ಕ್ರಮ ಅದಕ್ಕೇ. ಕಾಲರ್‌ಗಳೆಲ್ಲ ಒಂದೇ ಬಣ್ಣದಲ್ಲಿದ್ದು ಮುಖಗಳು ಮಾತ್ರ ಬೇರೆ ಬೇರೆ ಕಂಡರೆ ಬೆಳಕಿನಲ್ಲಿ ತೊಂದರೆ ಇಲ್ಲ. ಅದು ಅವರವರ ಬಣ್ಣ, ಇಲ್ಲವೇ ಮೇಕಪ್. ಮದುಮಗಳ ಮುಖ ಬೆಳ್ಳಗಿದ್ದು ಕೈ ಬೇರೆ ಬಣ್ಣವಿದ್ದರೆ ಅದು ಫೌಂಡೇಶನ್‌ನಿಂದ ಆದದ್ದು. ಅದನ್ನು ವೈಟ್ ಬ್ಯಾಲೆನ್ಸಿನಿಂದ ಸರಿಪಡಿಸಲು ಹೋಗಬೇಡಿ. ಗಲ್ಲದ ಕೆಳಗೆ ಮತ್ತು ಕುತ್ತಿಗೆಯಲ್ಲಿ ಮಾತ್ರ ಕೆಂಪು ಏರಿದ್ದರೆ, ಕೆಂಪು ರೇಷ್ಮೆ ಸೀರೆಯಿಂದಲೋ ರೆಡ್ ಆಕ್ಸೈಡ್ ನೆಲದಿಂದಲೋ ಚಿಮ್ಮಿದ ಬೆಳಕು ಅದು. ಅಷ್ಟು ಜಾಗಕ್ಕೆ ಬ್ರಷ್ ಹಿಡಿದು ಸ್ಯಾಚುರೇಶನ್ ತುಸು ಇಳಿಸಿದರೆ ಸಾಕು.

ಇನ್ನೊಂದು ಪರೀಕ್ಷೆ ಎಲ್ಲರೂ ಮಾಡುವುದಿಲ್ಲ, ಆದರೆ ಮಾಡಲೇಬೇಕು. ಗ್ರೂಪ್ ಫೋಟೋ ಎಂದರೆ ನಾಲ್ಕೈದು ಫ್ರೇಮ್ ಒಟ್ಟಿಗೆ ತೆಗೆದಿರುತ್ತಾರೆ. ಎಲ್ಲಕ್ಕೂ ಒಂದೇ ಕೆಲ್ವಿನ್ ಅಂಕಿ ಕೊಟ್ಟು, ಬಲತುದಿಯ ಒಬ್ಬರೇ ವ್ಯಕ್ತಿಯನ್ನು ಫ್ರೇಮಿನಿಂದ ಫ್ರೇಮಿಗೆ ಹೋಲಿಸಿ. ಆ ಮುಖದ ಬಣ್ಣ, ಹೊಳಪು ಬದಲಾಗುತ್ತಿದ್ದರೆ ಬಲ್ಬು ಮಿಣುಕುತ್ತಿದೆ ಎಂದರ್ಥ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಶಟರ್ 1/200ರಲ್ಲಿದ್ದರೆ ಒಂದೊಂದು ಫ್ರೇಮು ಆ ಏರಿಳಿತದ ಒಂದೊಂದು ತುಣುಕನ್ನು ಹಿಡಿಯುತ್ತದೆ. ಹಾಗಿದ್ದಲ್ಲಿ ಒಂದು ಫ್ರೇಮಿನ ತಿದ್ದುಪಡಿಯನ್ನು ಇನ್ನೊಂದಕ್ಕೆ ಅಂಟಿಸಿ ಪ್ರಯೋಜನವಿಲ್ಲ. ಬಲತುದಿ ಚೆನ್ನಾಗಿ ಬಂದ ಒಂದೇ ಫ್ರೇಮ್ ಆರಿಸಿ ಅದರ ಮೇಲೆ ಕೆಲಸ ಮಾಡಿ.

ಕಂಪ್ಯೂಟರಿನ ನೈಟ್ ಲೈಟ್ ಆಫ್ ಆಗಿದೆಯೇ ಎಂದೂ ನೋಡಿಕೊಳ್ಳಿ. ಸಂಜೆ ಹೊತ್ತಿಗೆ ಅದು ತಾನಾಗಿ ಚಾಲೂ ಆಗುವಂತೆ ಇಟ್ಟಿದ್ದರೆ, ಹಳದಿ ಪರದೆಯ ಮೇಲೆ ಇಡೀ ಆಲ್ಬಮ್ ನೀಲಿಯಾಗಿ ಸಿದ್ಧವಾಗುತ್ತದೆ.

ಅಳತೆ

ಮೂರು ಗಂಟೆ ಎಡಿಟ್ ಮಾಡಿದ ಕಣ್ಣು ಹಳದಿಗೆ ಹೊಂದಿಕೊಂಡುಬಿಟ್ಟಿರುತ್ತದೆ. ಆದ್ದರಿಂದ ಅಂಕಿ ಬೇಕು. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಹಿಸ್ಟೋಗ್ರಾಮ್ ಮೇಲೆ ರೈಟ್ ಕ್ಲಿಕ್ ಮಾಡಿ Show Lab Color Values ಆರಿಸಿದರೆ, ಮೌಸ್ ಇಟ್ಟ ಜಾಗದ L, a, b ಕಾಣುತ್ತವೆ. L ಎಂದರೆ ಹೊಳಪು. a ಏರಿದರೆ ಕೆಂಪು, ಸೊನ್ನೆಗಿಂತ ಇಳಿದರೆ ಹಸಿರು. b ಏರಿದರೆ ಹಳದಿ, ಸೊನ್ನೆಗಿಂತ ಇಳಿದರೆ ನೀಲಿ. ಬಿಳಿ ಬಟ್ಟೆಯ ಮೇಲೆ a ಮತ್ತು b ಎರಡೂ ಸೊನ್ನೆಯ ಆಸುಪಾಸು ಇರಬೇಕು. ಚರ್ಮದಲ್ಲಿ ಎರಡೂ ಸೊನ್ನೆಗಿಂತ ಮೇಲಿದ್ದು, ನಮ್ಮ ಜನರಲ್ಲಿ ಸಾಮಾನ್ಯವಾಗಿ b ಅಂಕಿ a ಅಂಕಿಗಿಂತ ಹೆಚ್ಚಿರುತ್ತದೆ: ಒಂದೂಕಾಲು ಪಟ್ಟಿನಿಂದ ಎರಡು ಪಟ್ಟಿನೊಳಗೆ. ಮೈಬಣ್ಣ ಕಪ್ಪಾಗಿರಲಿ ಬೆಳ್ಳಗಿರಲಿ ಈ ಅನುಪಾತ ಹೆಚ್ಚು ಬದಲಾಗುವುದಿಲ್ಲ, ಬದಲಾಗುವುದು L. ಅದಕ್ಕೇ L ಅನ್ನು ಬಿಟ್ಟು a, b ಹಿಡಿದು ಕೆಲಸ ಮಾಡುವುದು.

ಕೆನ್ನೆಯ ಮೇಲೆ, ಕಣ್ಣಿಗೆ ಎರಡು ಬೆರಳು ಕೆಳಗೆ ಅಳೆಯಿರಿ. ಮೂಗು ಯಾವಾಗಲೂ ಹೆಚ್ಚು ಕೆಂಪು, ಹಣೆಯಲ್ಲಿ ಕುಂಕುಮ ಮತ್ತು ಎಣ್ಣೆಯ ಹೊಳಪು, ಗಲ್ಲದಲ್ಲಿ ಗಡ್ಡದ ನೆರಳು. ಅಕ್ಕಪಕ್ಕದ ಮೂರು ಕಡೆ ಮೌಸ್ ಇಟ್ಟು ನಡುವಿನ ಅಂಕಿ ತೆಗೆದುಕೊಳ್ಳಿ.

ಒಂದು ಫೋಟೋ, ಮೊದಲಿನಿಂದ ಕೊನೆಯವರೆಗೆ

ಹದಿನಾಲ್ಕು ಜನ, ಎರಡು ಸಾಲು, ಮೋಡದ ಸಂಜೆ ನಾಲ್ಕು ಗಂಟೆ, ಕ್ಯಾಮೆರಾ ಹಿಡಿದ ಮಾಹಿತಿಯೆಲ್ಲ ಉಳಿದಿರುವ ರಾ ಫೈಲ್, ಫ್ಲ್ಯಾಶ್ ಇಲ್ಲ ಎಂದು ಇಟ್ಟುಕೊಳ್ಳಿ. ಕ್ಯಾಮೆರಾ ಆಟೋದಲ್ಲಿ 4700 ಕೆಲ್ವಿನ್ ಆರಿಸಿದೆ. ಎಡತುದಿಯ ಅಜ್ಜನ ಕಾಲರ್ a −3, b −9. ಬರೀ ನೀಲಿಯಲ್ಲ, ಸ್ವಲ್ಪ ಹಸಿರೂ ಇದೆ. ಅಂಗಳದಾಚೆ ಕಾಫಿ ತೋಟ, ಸಿಲ್ವರ್ ಓಕ್, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಇರುವಲ್ಲಿ ಎಲೆಗಳಿಂದ ಚಿಮ್ಮಿದ ಹಸಿರು ಬೆಳಕು ಮುಖಕ್ಕೆ ಬಾರದೆ ಇರುವುದಿಲ್ಲ. ಅಜ್ಜನ ಕೆನ್ನೆ a 9, b 6. b ಯು a ಗಿಂತ ಕಡಿಮೆ, ಅದೇ ಬೂದಿ ಬಣ್ಣ. ಬಲತುದಿಯಲ್ಲಿ ಬಲ್ಬಿನ ಕೆಳಗೆ ನಿಂತವರ ಕಾಲರ್ a −1, b 21; ಪಕ್ಕದ ಚಿಕ್ಕಮ್ಮನ ಕೆನ್ನೆ a 11, b 33, ಮೂರು ಪಟ್ಟು. ನಡುವಿನ ಹುಡುಗನ ಎಡಕೆನ್ನೆ a 11, b 12. ಬಲಕೆನ್ನೆ a 12, b 27.

ಮೊದಲ ತೀರ್ಮಾನ ಯಾವ ಕಡೆಯನ್ನು ಆಧಾರವಾಗಿ ಹಿಡಿಯುವುದು ಎಂಬುದು. ಎರಡೂ ಕಡೆಯವರಿಗೆ ಸಮನಾಗಲೆಂದು ನಡುವಿನವರಿಗೆ ಸರಿಮಾಡುವ ಅಭ್ಯಾಸ ಬಹಳ ಜನರಿಗಿದೆ, ಅದು ತಪ್ಪು ಆಯ್ಕೆ. ನಡುವಿನ ಮುಖದಲ್ಲೇ ಎರಡು ಬೆಳಕು ಬೆರೆತಿರುವಾಗ ಅದು ಯಾವುದಕ್ಕೂ ಆಧಾರವಾಗಲಾರದು. ಹಗಲ ಬೆಳಕಿನ ಕಡೆಯನ್ನೇ ಹಿಡಿಯಬೇಕು. ಹಗಲ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ತುಂಬಿಕೊಂಡಿವೆ, ಆದ್ದರಿಂದ ವೈಟ್ ಬ್ಯಾಲೆನ್ಸ್ ಸರಿಯಾದ ಕೂಡಲೇ ಚರ್ಮವೂ ಸರಿಯಾಗುತ್ತದೆ. ಅಗ್ಗದ ಎಲ್‌ಇಡಿಯಲ್ಲಿ ಕಡುಗೆಂಪು ಕಡಿಮೆ. ರಕ್ತದಿಂದ ಚರ್ಮಕ್ಕೆ ಬರುವ ಕಳೆ ಆ ಕೆಂಪಿನಲ್ಲೇ ಇರುವುದರಿಂದ, ಅಲ್ಲಿ ಕಾಲರ್ ಬಿಳಿಯಾದರೂ ಮುಖ ಸಪ್ಪೆಯಾಗಿಯೇ ಉಳಿಯಬಹುದು.

ವೈಟ್ ಬ್ಯಾಲೆನ್ಸಿನ ಡ್ರಾಪರ್ ಅನ್ನು ಅಜ್ಜನ ಕಾಲರ್ ಮೇಲೆ ಒತ್ತಿದಾಗ ನೀಲಿ-ಹಳದಿ ಹೊಂದಿಸುವ Temp 6300, ಹಸಿರು-ಮಜೆಂಟಾ ಹೊಂದಿಸುವ Tint +12 ಆಗುತ್ತದೆ. ಕಾಲರ್ a 0, b −1ಕ್ಕೆ ಬರುತ್ತದೆ. ಪೂರ್ತಿ ಸೊನ್ನೆಯಾಗಲಿ ಎಂದು ಹಟ ಹಿಡಿಯಬೇಡಿ. ಒಗೆಯುವ ಪುಡಿಯಲ್ಲಿ ಬಟ್ಟೆ ಬೆಳ್ಳಗಾಗಲು ಹಾಕುವ ರಾಸಾಯನಿಕ ಹಗಲ ಬೆಳಕಿನಲ್ಲಿ ನೀಲಿ ಹೊಳಪು ಕೊಡುತ್ತದೆ. ಆ ನೀಲಿಯನ್ನೂ ಅಳಿಸಹೊರಟರೆ ಮುಖ ಹಳದಿಯಾಗುತ್ತದೆ. ಅಜ್ಜನ ಕೆನ್ನೆ ಈಗ a 13, b 17, ಅನುಪಾತ 1.3. ಎಡಗಡೆ ಮುಗಿಯಿತು. ಬಲಗಡೆ ನಿರೀಕ್ಷಿಸಿದಂತೆ ಇನ್ನೂ ಕೆಟ್ಟಿದೆ: ಕಾಲರ್ a 2, b 31, ಚಿಕ್ಕಮ್ಮನ ಕೆನ್ನೆ a 16, b 42. ಗಾಬರಿಯಾಗಬೇಕಿಲ್ಲ, ಇನ್ನು ಮುಂದೆ ಮುಟ್ಟುವುದು ಆ ಕಡೆಯನ್ನು ಮಾತ್ರ.

ಈಗ ಮಾಸ್ಕ್, ಅಂದರೆ ತಿದ್ದುಪಡಿ ಫೋಟೋದ ಒಂದು ಭಾಗಕ್ಕೆ ಮಾತ್ರ ತಟ್ಟುವಂತೆ ಮಾಡುವ ಆಯ್ಕೆ. Select People ಒತ್ತಿದಾಗ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ತೋರಿಸುತ್ತದೆ. ಬಲತುದಿಯ ನಾಲ್ವರನ್ನು ಆರಿಸಿ, Face Skin ಅಲ್ಲ, Entire Person ಕೊಡಿ. ಇಲ್ಲಿ ಎಡವುವವರು ಬಹಳ. ಬಲ್ಬಿನ ಬೆಳಕು ಮುಖಕ್ಕೆ ಮಾತ್ರ ಬಿದ್ದಿಲ್ಲ. ಕಾಲರ್, ಸೀರೆ, ಸೊಂಟಕ್ಕೆ ಸುತ್ತಿದ ಚೇಲೆ, ಮುಂದೆ ಕಟ್ಟಿದ ಕೈ, ಎಲ್ಲಕ್ಕೂ ಬಿದ್ದಿದೆ. ಮುಖ ಒಂದನ್ನೇ ತಿದ್ದಿ ಕಾಲರ್ ಹಳದಿಯಾಗಿಯೇ ಉಳಿದರೆ, ಸರಿಯಾದ ಮುಖವೂ ಆ ಹಳದಿಯ ಪಕ್ಕದಲ್ಲಿ ನೀಲಿಗಟ್ಟಿದಂತೆ ಕಾಣುತ್ತದೆ. ಹಿಂದಿನ ಗೋಡೆಯನ್ನೂ ಬ್ರಷ್‌ನಿಂದ ಅದೇ ಮಾಸ್ಕಿಗೆ ಸೇರಿಸಿ, ಇಲ್ಲದಿದ್ದರೆ ಕೂದಲ ಸುತ್ತ ಹಳದಿ ಅಂಚು ಉಳಿದು, ಕತ್ತರಿಸಿ ಅಂಟಿಸಿದಂತಾಗುತ್ತದೆ.

ಮಾಸ್ಕಿನೊಳಗಿನ Temp ಅಂಕಿ ಕೆಲ್ವಿನ್ ಅಲ್ಲ, −100ರಿಂದ +100ರವರೆಗಿನ ಅಳತೆ. ಹತ್ತು ಹತ್ತಾಗಿ ಇಳಿಸುತ್ತ ಕಾಲರ್‌ನ b ನೋಡುತ್ತಿರಿ. −100ಕ್ಕೆ ಹೋದರೂ ಸಾಲದಿದ್ದರೆ ಮಾಸ್ಕನ್ನು ಡುಪ್ಲಿಕೇಟ್ ಮಾಡಿ ಉಳಿದದ್ದನ್ನು ಅದರಲ್ಲಿ ಇಳಿಸಿ. ಈ ಫೋಟೋದಲ್ಲಿ b 6ಕ್ಕೆ ಬಂದಾಗ ನಿಲ್ಲಿಸಬೇಕು. ಸೊನ್ನೆಗೆ ಒಯ್ಯದಿರುವುದಕ್ಕೆ ಕಾರಣವಿದೆ. ಉರಿಯುತ್ತಿರುವ ಬಲ್ಬು ಫೋಟೋದಲ್ಲೇ ಕಾಣುತ್ತಿದೆ. ಅದರ ಕೆಳಗೇ ನಿಂತವರ ಮೇಲೆ ಒಂದಿಷ್ಟೂ ಬೆಚ್ಚನೆಯ ಬಣ್ಣವಿಲ್ಲದಿದ್ದರೆ ನೋಡುವವರಿಗೆ ಏನೋ ಸುಳ್ಳು ಅನ್ನಿಸುತ್ತದೆ. ಮೂಲದ ಐದರಲ್ಲಿ ಒಂದು ಪಾಲು ಹಳದಿ ಉಳಿಸಿಕೊಳ್ಳುವುದು ಒಳ್ಳೆಯ ಲೆಕ್ಕ. ಬಲ್ಬು ಫ್ರೇಮಿನಲ್ಲಿ ಇಲ್ಲದಿದ್ದರೆ ಇನ್ನೂ ಇಳಿಸಬಹುದು.

Temp ಇಳಿಸಿದಾಗ a ಕೂಡ ಜೊತೆಗೆ ಇಳಿದು −5ಕ್ಕೆ ಬಂದಿದೆ, ಅಂದರೆ ಬಲ್ಬಿನ ಬೆಳಕಿನಲ್ಲಿ ಹಸಿರು ಅಡಗಿತ್ತು. ಹಳೆಯ ಕಾಲದ ತಂತಿ ಬಲ್ಬಾಗಿದ್ದರೆ ಇದು ಇಷ್ಟು ಬರುತ್ತಿರಲಿಲ್ಲ. ಮಾಸ್ಕಿನ Tint ಅನ್ನು ಮಜೆಂಟಾ ಕಡೆಗೆ ಏರಿಸುತ್ತ a ಯನ್ನು ಸೊನ್ನೆಗೆ ತನ್ನಿ. ಈ ಹೆಜ್ಜೆ ಬಿಟ್ಟರೆ ಮುಖದ ಮೇಲೆ ಕಾಯಿಲೆಯವರ ಪಾಚಿ ಬಣ್ಣ ಉಳಿಯುತ್ತದೆ. Temp ಎಷ್ಟು ಎಳೆದರೂ ಅದು ಹೋಗುವುದಿಲ್ಲ.

ಚಿಕ್ಕಮ್ಮನ ಕೆನ್ನೆ ಈಗ a 11, b 21, ಅನುಪಾತ 1.9. ಮಿತಿಯೊಳಗಿದೆ, ಆದರೂ ಕಳೆ ಕಡಿಮೆ. ಮೇಲೆ ಹೇಳಿದ ಕಡುಗೆಂಪಿನ ಕೊರತೆ ಇದೇ. ಈಗ ಮಾತ್ರ Face Skin ಮತ್ತು Body Skin ಎರಡನ್ನೂ ಆರಿಸಿದ ಹೊಸ ಮಾಸ್ಕ್ ಮಾಡಿ, Point Color ನಲ್ಲಿ ಕೆನ್ನೆಯ ಬಣ್ಣ ಹೆಕ್ಕಿ, Hue Shift ಅನ್ನು ಕೆಂಪಿನ ಕಡೆಗೆ ಕೂದಲೆಳೆಯಷ್ಟು ಸರಿಸಿ. a 12, b 20 ಆದರೆ ಸಾಕು. ಅಜ್ಜನ 13, 17ಕ್ಕೆ ಸಮ ಮಾಡಲು ಹೋಗಬೇಡಿ. ಅವರಿಬ್ಬರೂ ಬೇರೆ ಬೇರೆ ಮನುಷ್ಯರು.

ಹೊಳಪು ಕೊನೆಗೆ. ಬಲಗಡೆ ಬೆಳಕು ಕಡಿಮೆಯಿದ್ದರೆ ಕಾಲರ್‌ಗಳ L ನೋಡಿ Exposure ಏರಿಸಿ, ಮುಖಗಳ L ನೋಡಿ ಅಲ್ಲ. ಎಡದ ಕಾಲರ್ 82, ಬಲದ್ದು 76 ಇದ್ದರೆ, ಬಲವನ್ನು 80ರ ಹತ್ತಿರ ತಂದು ಬಿಡಿ.

ಎರಡು ಬಣ್ಣದ ಕೆನ್ನೆ

ಅತ್ಯಂತ ತಾಳ್ಮೆ ಬೇಡುವ ಭಾಗ ನಡುವಿನ ಆರು ಜನರದು. ಬಲದಿಂದ ಎಡಕ್ಕೆ ಒಂದು ಲೀನಿಯರ್ ಗ್ರೇಡಿಯಂಟ್ ಎಳೆದು ಮುಗಿಸೋಣ ಅನ್ನಿಸುತ್ತದೆ, ಆದರೆ ಅದು ಕೂರುವುದಿಲ್ಲ. ಬೆಳಕು ಸಾಲಿನ ಉದ್ದಕ್ಕೆ ಸಮನಾಗಿ ಮಾಸುವುದಿಲ್ಲ, ಬಲ್ಬಿನಿಂದ ದೂರ ಇಮ್ಮಡಿಯಾದರೆ ಅದರ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಮೇಲಾಗಿ ಹಿಂದಿನ ಸಾಲಿನ ಎತ್ತರದವರಿಗೆ ಬಿದ್ದ ಬಲ್ಬಿನ ಬೆಳಕು, ಮುಂದೆ ಕುಳಿತ ಮಕ್ಕಳಿಗೆ ಬಿದ್ದೇ ಇರುವುದಿಲ್ಲ.

ಒಬ್ಬೊಬ್ಬರಿಗೆ ಒಂದೊಂದು ಮಾಸ್ಕ್ ಮಾಡಿ, ಅದರೊಳಗೆ ಹಳದಿ ಬಿದ್ದ ಭಾಗವನ್ನು ಮಾತ್ರ ಹಿಡಿಯುವುದು ದಾರಿ. ಹುಡುಗನ Entire Person ಮಾಸ್ಕ್ ಮಾಡಿದ ಮೇಲೆ, ವಿಂಡೋಸ್‌ನಲ್ಲಿ Alt (ಮ್ಯಾಕ್‌ನಲ್ಲಿ Option) ಒತ್ತಿ ಹಿಡಿದರೆ Add, Subtract ಇದ್ದಲ್ಲಿ Intersect ಬರುತ್ತದೆ. ಅದರಲ್ಲಿ Color Range ಆರಿಸಿ ಬಲಕೆನ್ನೆಯ ಹಳದಿಯ ಮೇಲೆ ಒತ್ತಿ. Refine ಸ್ಲೈಡರನ್ನು ಆಡಿಸಿದಾಗ ಮಾಸ್ಕಿನ ಕೆಂಪು ಬಣ್ಣ ಮೂಗಿನ ಗೆರೆಯ ಬಳಿ ಮೆಲ್ಲಗೆ ಕರಗಬೇಕು, ಗೀಟು ಹಾಕಿದಂತೆ ನಿಲ್ಲಬಾರದು. ಆಮೇಲೆ Temp ಇಳಿಸಿ, ಬಲಕೆನ್ನೆಯ b 25ರ ಹತ್ತಿರ ಬಂದಾಗ ನಿಲ್ಲಿಸಿ. ಅಷ್ಟರಲ್ಲಿ ಎಡಕೆನ್ನೆ ತಾನಾಗಿ 22ರ ಆಸುಪಾಸಿನಲ್ಲಿರುತ್ತದೆ, ಏಕೆಂದರೆ ಅದನ್ನು ಮೊದಲೇ ಒಟ್ಟಾರೆ ವೈಟ್ ಬ್ಯಾಲೆನ್ಸ್ ಸರಿಮಾಡಿದೆ. ಚಿನ್ನದ ಜರಿ ಅಂಚು ಮಾಸ್ಕಿನೊಳಗೆ ಸಿಕ್ಕಿಕೊಂಡಿದ್ದರೆ Subtract ಬ್ರಷ್‌ನಿಂದ ಹೊರಗೆ ಹಾಕಿ, ಇಲ್ಲವೇ ಚಿನ್ನ ಬೆಳ್ಳಿಯಾಗುತ್ತದೆ.

ಲೈಟ್‌ರೂಮ್ ಬದಲು ಡಾರ್ಕ್‌ಟೇಬಲ್ ಬಳಸುವವರಿಗೂ ಇದೇ ಕ್ರಮ. ಅಲ್ಲಿ color calibration ಮಾಡ್ಯೂಲಿನ ಮೊದಲ ಪ್ರತಿಯನ್ನು ಅಜ್ಜನ ಕಾಲರ್‌ಗೆ ಹೊಂದಿಸಿ, ಎರಡನೆಯ ಪ್ರತಿ ತೆರೆದು ಬಲಗಡೆಗೆ ಮಾಸ್ಕ್ ಬರೆಯಿರಿ.

ಜೆಪೆಗ್ ಮಾತ್ರ ಇದ್ದರೆ ಇಷ್ಟು ದೂರ ಹೋಗಲಾಗುವುದಿಲ್ಲ. ಹಳದಿ ಮುಖದ ನೀಲಿ ಚಾನೆಲ್‌ನಲ್ಲಿ ಮಾಹಿತಿಯೇ ಉಳಿದಿರುವುದಿಲ್ಲ, Temp ಇಳಿಸಿದಂತೆಲ್ಲ ಕೆನ್ನೆಯ ಮೇಲೆ ಬಣ್ಣದ ಕಲೆ, ಚೌಕ ಚೌಕ ಗುರುತು ಏಳುತ್ತದೆ. ಅವು ಕಂಡ ಕೂಡಲೇ ಹಿಂದೆ ಸರಿದು ಅಷ್ಟಕ್ಕೇ ನಿಲ್ಲಿಸಿ.

ತೆಗೆಯುವಾಗಲೇ ತಪ್ಪಿಸುವುದು

ಮೇಲಿನ ಕೆಲಸಕ್ಕೆ ಒಂದು ಫೋಟೋಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಸ್ವಿಚ್ ಆರಿಸಲು ಎರಡು ಸೆಕೆಂಡು. ‘ಅಜ್ಜಾ, ಎರಡೇ ನಿಮಿಷ ಲೈಟ್ ಆಫ್ ಮಾಡ್ತೀವಿ’ ಎಂದರೆ ಯಾರೂ ಬೇಡವೆನ್ನುವುದಿಲ್ಲ. ಬಲ್ಬು ಆರಿದ ಮೇಲೆ ಒಳತುದಿ ಕತ್ತಲಾದರೂ ಅದು ಬರೀ ಹೊಳಪಿನ ವ್ಯತ್ಯಾಸ, ಒಂದು ಸ್ಲೈಡರಿನ ಕೆಲಸ. ದೇವರ ದೀಪ ಉರಿಯುತ್ತಿರಲಿ, ಅದರ ಬೆಳಕು ಸಾಲಿನ ಮುಖಗಳವರೆಗೆ ಬರುವಷ್ಟಿಲ್ಲ.

ಫ್ಲ್ಯಾಶ್ ಹಾಕುವುದಾದರೆ ಮೇಲಕ್ಕೆ ತಿರುಗಿಸಿ ಬೌನ್ಸ್ ಮಾಡಬೇಡಿ. ಐನ್‌ಮನೆಯ ಮರದ ಒಳಛಾವಣಿಯಿಂದ ಮರಳುವ ಬೆಳಕು ಕಂದು, ಆಗ ಎರಡು ಬಣ್ಣದ ಜಾಗದಲ್ಲಿ ಮೂರಾಗುತ್ತದೆ. ಛತ್ರಿಯನ್ನೋ ಸಾಫ್ಟ್‌ಬಾಕ್ಸನ್ನೋ ಅಂಗಳದ ಕಡೆಯಿಂದಲೇ ಇಡಿ. ಬಲ್ಬು ಆರಿಸಲು ಸಾಧ್ಯವೇ ಇಲ್ಲದ ಕಲ್ಯಾಣ ಮಂಟಪದಲ್ಲಿ, ಕಿಟಕಿಗೆ ಪರದೆ ಎಳೆದು, ಫ್ಲ್ಯಾಶಿಗೆ ಫುಲ್ ಸಿಟಿಓ ಎಂಬ ಕಿತ್ತಳೆ ಬಣ್ಣದ ಜೆಲ್ ಹಾಳೆ ಕಟ್ಟಿ ಬಲ್ಬಿನ ಬಣ್ಣಕ್ಕೆ ತನ್ನಿ. ಅರ್ಧ ಸಿಟಿಓ ಫ್ಲ್ಯಾಶನ್ನು ಸುಮಾರು 3800 ಕೆಲ್ವಿನ್‌ವರೆಗೆ ಮಾತ್ರ ಇಳಿಸುತ್ತದೆ, 3000ದ ಬಲ್ಬಿಗೆ ಅದು ಸಾಲದು. ಮಳೆಗೆಂದು ಅಂಗಳಕ್ಕೆ ನೀಲಿ ಟಾರ್ಪಾಲ್ ಕಟ್ಟಿದ್ದರೆ ಅದರ ಕೆಳಗೆ ಗ್ರೂಪ್ ನಿಲ್ಲಿಸಲೇಬೇಡಿ. ಆ ಬೆಳಕಿನಲ್ಲಿ ಕೆಂಪು ಎಷ್ಟು ಕಡಿಮೆಯೆಂದರೆ, ರಾ ಫೈಲಿನಿಂದಲೂ ಚರ್ಮದ ಬಣ್ಣ ಪೂರ್ತಿ ಮರಳುವುದಿಲ್ಲ.

ಏನೂ ಬದಲಾಯಿಸಲಾಗದಿದ್ದರೆ ಗ್ರೇ ಕಾರ್ಡ್ ಹಿಡಿಸಿ ಮೂರು ಫ್ರೇಮ್ ತೆಗೆಯಿರಿ: ಎಡತುದಿಯವರ ಗಲ್ಲದ ಕೆಳಗೆ, ನಡುವಿನಲ್ಲಿ, ಬಲತುದಿಯಲ್ಲಿ. ಕಾಲರ್ ಹುಡುಕುವ ಕಷ್ಟವೂ ತಪ್ಪುತ್ತದೆ, ಒಗೆಯುವ ಪುಡಿಯ ನೀಲಿಯೂ ಅಡ್ಡ ಬರುವುದಿಲ್ಲ.

ಲ್ಯಾಬಿಗೆ ಕಳಿಸುವ ಮುಂಚೆ ಎಡತುದಿಯ ಮುಖ, ನಡುವಿನ ಮುಖ, ಬಲತುದಿಯ ಮುಖ ಮೂರನ್ನೂ ಕುತ್ತಿಗೆ, ಕಾಲರ್ ಸಮೇತ ಕ್ರಾಪ್ ಮಾಡಿ ಅಕ್ಕಪಕ್ಕ ಜೋಡಿಸಿ, ಎಸ್‌ಆರ್‌ಜಿಬಿಯಲ್ಲಿ ಒಂದು 4×6 ಪ್ರಿಂಟ್ ತೆಗೆಸಿ. ಅದನ್ನು ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡದೆ ಹೊರಗೆ ಹಗಲ ಬೆಳಕಿಗೆ ತಂದು ನೋಡಿ. ಮೂರರಲ್ಲಿ ಒಂದು ಮುಖ ಹಸಿರಿಗೆ ತಿರುಗಿದ್ದರೆ ಆ ಮಾಸ್ಕಿನ Tint ಇನ್ನೂ ಸಾಲದು. ಮೂರೂ ಒಟ್ಟಾಗಿ ಒಂದೇ ಕಡೆಗೆ ವಾಲಿದ್ದರೆ ನಿಮ್ಮ ಮಾಸ್ಕ್‌ಗಳು ಸರಿಯಿವೆ, ಮಾನಿಟರ್ ಕ್ಯಾಲಿಬ್ರೇಶನ್ ಅಥವಾ ಲ್ಯಾಬಿನ ಮೆಷಿನ್ ಹೊಂದಿಸಬೇಕು.